ಫ್ಯಾಕ್ಟರಿ ಮುಚ್ಚಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ಸುದ್ದಿ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದ ಒಂದು ದಿನಪತ್ರಿಕೆಯ ವರದಿಗಾರ್ತಿ. ಎರಡು ದಿನದಿಂದ ನಮ್ಮ ಕಡೆಯ ಗ್ರೂಪ್‌ಗಳಲ್ಲೆಲ್ಲ ಒಂದು ಮೆಸೇಜ್ ಓಡಾಡುತ್ತಿದೆ. "ತೂಬಿನಕೆರೆಯ ಫ್ಯಾಕ್ಟರಿ ಖತಂ. ಸರ್ಕಾರವೇ ಕಂಪನಿಯನ್ನು ಸ್ಟ್ರೈಕ್ ಆಫ್ ಮಾಡಿದೆ. 80 ಕೋಟಿ ಸಾಲ ಮಾಡಿ ಮಾಲೀಕ ಪರಾರಿ. ತಮಿಳುನಾಡಿನವರು ಕೊಂಡುಕೊಂಡು ಮೆಷಿನ್‌ಗಳನ್ನು ಹೊಸೂರಿಗೆ ಸಾಗಿಸುತ್ತಿದ್ದಾರೆ. 1ನೇ ತಾರೀಖಿನಿಂದ 400 ಜನಕ್ಕೆ ಕೆಲಸ ಇಲ್ಲ" ಅಂತ ಇದೆ. ಜೊತೆಗೆ ಸರ್ಕಾರಿ ವೆಬ್‌ಸೈಟಿನ ಸ್ಕ್ರೀನ್‌ಶಾಟ್, ಲಾರಿಯ ಫೋಟೋ. ಮೂರೂ ನಿಮಗೆ ಕಳಿಸಿದ್ದೇನೆ. ಫ್ಯಾಕ್ಟರಿ ಶುರುವಾಗಿ ಇಪ್ಪತ್ತೈದು ವರ್ಷದ ಮೇಲಾಗಿದೆ. ಸ್ಕ್ರೀನ್‌ಶಾಟ್ ಅಸಲಿ ಅನ್ನಿಸುತ್ತದೆ. ಡೆಸ್ಕಿನವರು "ಎನ್ನಲಾಗಿದೆ ಅಂತ ಹಾಕಿ ಕೊಟ್ಟುಬಿಡು" ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಹಿಂಜರಿಕೆ ಸರಿಯಾಗಿದೆ. ಮೊದಲು ಆ ಮೆಸೇಜನ್ನು ಬಿಡಿಬಿಡಿಯಾಗಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಸ್ಟ್ರೈಕ್ ಆಫ್, 80 ಕೋಟಿ ಸಾಲ, ಮಾಲೀಕ ಪರಾರಿ, ತಮಿಳುನಾಡಿಗೆ ಮಾರಾಟ, 400 ಜನರ ಕೆಲಸ. ಇವು ಐದು ಬೇರೆ ಬೇರೆ ಮಾತುಗಳು. ಒಂದೊಂದಕ್ಕೂ ದಾಖಲೆ ಸಿಗುವ ಜಾಗ ಬೇರೆ. ಒಂದು ನಿಜವಾದ ಮಾತ್ರಕ್ಕೆ ಉಳಿದ ನಾಲ್ಕು ನಿಜ ಆಗಿಬಿಡುವುದಿಲ್ಲ. ಇಂಥ ಮೆಸೇಜ್‌ಗಳು ಜನರನ್ನು ನಂಬಿಸುವುದೇ ಹೀಗೆ. ಒಂದು ಅಸಲಿ ಸ್ಕ್ರೀನ್‌ಶಾಟ್ ಇಟ್ಟು, ಅದರ ಬೆನ್ನಿಗೆ ನಾಲ್ಕು ಮಾತು ಕಟ್ಟಿ ಕಳಿಸುತ್ತಾರೆ.

ಹೀಗೆ ಬಿಡಿಸಿಟ್ಟರೆ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಸ್ಟ್ರೈಕ್ ಆಫ್ ಅಂದರೆ ಕಂಪನಿಯ ಹೆಸರನ್ನೇ ರಿಜಿಸ್ಟರ್‌ನಿಂದ ತೆಗೆದುಹಾಕಿ ಅದನ್ನು ವಿಸರ್ಜಿಸಿದ್ದಾರೆ ಅಂತ. ಇಲ್ಲದಿರುವ ಕಂಪನಿಯನ್ನು ತಮಿಳುನಾಡಿನವರು ಕೊಂಡುಕೊಂಡಿದ್ದು ಹೇಗೆ? ಎರಡೂ ಒಟ್ಟಿಗೆ ನಿಜ ಆಗುವುದು ಕಷ್ಟ. ಅಂದರೆ ಮೆಸೇಜ್ ಬರೆದವರಿಗೆ ಆ ಸ್ಕ್ರೀನ್‌ಶಾಟ್ ಏನು ಹೇಳುತ್ತಿದೆ ಅನ್ನುವುದೇ ಗೊತ್ತಿರಲಿಲ್ಲ.

ಮೊದಲು, ಯಾವ ಕಂಪನಿ?

ನಾನು ಕಂಪನಿ ಸೆಕ್ರೆಟರಿ. ಸ್ಕ್ರೀನ್‌ಶಾಟ್‌ನಲ್ಲಿರುವ ಆ ಸರ್ಕಾರಿ ವೆಬ್‌ಸೈಟ್‌ಗೆ ಹೋಗುವ ಫಾರಂಗಳನ್ನು ತುಂಬಿ ಕಳಿಸುವುದೇ ನನ್ನ ದಿನದ ಕೆಲಸ. ಪತ್ರಕರ್ತರು ಎಡವುವುದು ಜಾಸ್ತಿ ಇಲ್ಲೇ, ಹೆಸರಿನ ಹತ್ತಿರ. ಊರಿನ ಜನ ಬಾಯಲ್ಲಿ ಹೇಳುವ ಹೆಸರು ಫ್ಯಾಕ್ಟರಿಯದು. ಕಾನೂನಿಗೆ ಬೇಕಾದದ್ದು ಕಂಪನಿ. ಒಬ್ಬರೇ ಮಾಲೀಕರ ಹೆಸರಲ್ಲಿ ಮೂರ್ನಾಲ್ಕು ಕಂಪನಿ ಇರುವುದು ಮಾಮೂಲು. ಹೆಸರುಗಳೂ ಅಣ್ಣ ತಮ್ಮಂದಿರಂತೆ ಇರುತ್ತವೆ.

ಹೆಸರು ಒಂದೇ ಥರ ಇರಬಹುದು, ಆದರೆ ಸಿಐಎನ್ ಅನ್ನುವ 21 ಅಕ್ಷರ-ಅಂಕಿಗಳ ಗುರುತು ಪ್ರತಿ ಕಂಪನಿಗೂ ಬೇರೆ. ಅದು ಹೀಗಿರುತ್ತದೆ, ಕೊನೆಯ ಆರು ಅಂಕಿಯನ್ನು ನಾನು ಬೇಕೆಂದೇ ಸೊನ್ನೆ ಮಾಡಿದ್ದೇನೆ:

```
U29999KA1996PTC000000
```

ಮೊದಲ ಅಕ್ಷರ U ಇದ್ದರೆ ಕಂಪನಿ ಷೇರು ಮಾರುಕಟ್ಟೆಯಲ್ಲಿ ಇಲ್ಲ, L ಇದ್ದರೆ ಇದೆ. ಮುಂದಿನ ಐದು ಅಂಕಿ ಉದ್ಯಮದ ಬಗೆ. KA ಅಂದರೆ ಕರ್ನಾಟಕ. ಆಮೇಲೆ ಕಂಪನಿ ನೋಂದಣಿಯಾದ ವರ್ಷ. PTC ಅಂದರೆ ಪ್ರೈವೇಟ್ ಲಿಮಿಟೆಡ್. ಕೊನೆಯದು ನೋಂದಣಿ ಸಂಖ್ಯೆ.

ಇದನ್ನು ಹುಡುಕಲು ಗೂಗಲ್ ಬೇಡ, ಗೇಟಿಗೆ ಹೋಗಿ. ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವ್ಯವಹಾರ ನಡೆಸುವ ಪ್ರತಿ ಜಾಗದ ಹೊರಗೆ ಕಂಪನಿಯ ಪೂರ್ತಿ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸ ಬರೆದಿರಬೇಕು. ಲೆಟರ್‌ಹೆಡ್ ಮತ್ತು ಬಿಲ್‌ಗಳ ಮೇಲೆ ಸಿಐಎನ್ ಕೂಡ ಇರಬೇಕು. ಹಾಗಾಗಿ ಗೇಟಿನ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ಆ ಫ್ಯಾಕ್ಟರಿಯಿಂದ ಸಾಮಾನು ಕೊಳ್ಳುವ ಯಾರಾದರೂ ಅಂಗಡಿಯವರ ಹತ್ತಿರ ಅದು ಕೊಟ್ಟ ಒಂದು ಬಿಲ್ ತೋರಿಸಿ ಅಂತ ಕೇಳಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಸಹ ಇರುತ್ತದೆ. ಅದು ಮುಂದೆ ಬೇಕಾಗುತ್ತದೆ.

ಈಗ ಕಂಪನಿ ವ್ಯವಹಾರಗಳ ಸಚಿವಾಲಯದ `www.mca.gov.in` ತೆರೆದು `View Company/LLP Master Data` ಅನ್ನುವಲ್ಲಿ ಆ ಸಿಐಎನ್ ಹಾಕಿ. ಲಾಗಿನ್ ಕೇಳಿದರೆ ಖಾತೆ ತೆರೆಯಲು ದುಡ್ಡು ಬೇಕಿಲ್ಲ. ಇದೇ ಮಾಹಿತಿಯನ್ನು ಎತ್ತಿ ತೋರಿಸುವ ಖಾಸಗಿ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಅಲ್ಲಿ ವರ್ಷಗಟ್ಟಲೆ ಹಳೆಯ ವಿವರ ಹಾಗೇ ಕೂತಿರುತ್ತದೆ. ಸುಳಿವಿಗೆ ನೋಡಿ, ಸುದ್ದಿಗೆ ಬಳಸಬೇಡಿ.

ನೀವು ಕಳಿಸಿದ ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ನೋಡಿದೆ. ಅದು ಅಸಲಿಯೇ. ಆದರೆ ಬಲಗಡೆ ಕತ್ತರಿಸಿದ್ದಾರೆ, ಹೆಸರಿನ ಕೊನೆಯ ಪದಗಳು ಕಾಣುವುದಿಲ್ಲ. ಸಿಐಎನ್ ಮಾತ್ರ ಪೂರ್ತಿ ಇದೆ, ಅದರಲ್ಲಿ ವರ್ಷ 2011. ನೀವು ಬರೆದಿರುವ ಪ್ರಕಾರ ಫ್ಯಾಕ್ಟರಿ ಶುರುವಾಗಿದ್ದು ಇಪ್ಪತ್ತೈದು ವರ್ಷಕ್ಕೂ ಹಿಂದೆ. ಹುಡುಕಿದರೆ ಎರಡು ಕಂಪನಿ ಸಿಕ್ಕಿವೆ. ಒಂದು 1996ರದು, ವಿಳಾಸ ತೂಬಿನಕೆರೆ, ಸ್ಥಿತಿ `Active`. ಇನ್ನೊಂದು 2011ರದು, ಅದೇ ಹೆಸರಿನ ಕೊನೆಗೆ 'ಮಾರ್ಕೆಟಿಂಗ್' ಅನ್ನುವ ಪದ, ಬಂಡವಾಳ 1 ಲಕ್ಷ ರೂಪಾಯಿ, ಸ್ಥಿತಿ `Strike Off`. ಮಾರಾಟಕ್ಕೆ ಅಂತ ಮಾಡಿಕೊಂಡು ಬಳಸದೇ ಬಿಟ್ಟ ಕಂಪನಿ ಇರಬೇಕು. ಎರಡರಲ್ಲೂ ಅದೇ ನಿರ್ದೇಶಕರಿದ್ದಾರೆ, ಹಾಗಾಗಿ ಗೊಂದಲ.

ಸ್ಟ್ರೈಕ್ ಆಫ್ ಅಂದ ತಕ್ಷಣ ಮೋಸ ಅಂದುಕೊಳ್ಳುವುದೂ ತಪ್ಪು. ಎರಡು ವರ್ಷ ವ್ಯವಹಾರ ಮಾಡದೆ, ಲೆಕ್ಕಪತ್ರ ಸಲ್ಲಿಸದೆ ಬಿಟ್ಟರೆ ರಿಜಿಸ್ಟ್ರಾರ್ ತಾವೇ ಹೆಸರು ತೆಗೆಯಬಹುದು. ಬೇಡವಾದ ಕಂಪನಿಯನ್ನು ಮಾಲೀಕರೇ ಅರ್ಜಿ ಹಾಕಿ ತೆಗೆಸಬಹುದು. 2017-18ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪನಿಗಳ ಹೆಸರು ಒಟ್ಟಿಗೆ ಹೋಯಿತು. ಹಾಗೆಯೇ `Active` ಅಂತ ಇದ್ದರೆ ಕಂಪನಿ ಚೆನ್ನಾಗಿ ನಡೆಯುತ್ತಿದೆ ಅಂತಲೂ ಅಲ್ಲ. ಹೆಸರು ಇನ್ನೂ ರಿಜಿಸ್ಟರ್‌ನಲ್ಲಿದೆ ಅಂತ ಅಷ್ಟೇ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಅದು ಬೇರೆ ಮಾತು, ಅದಕ್ಕೆ `ibbi.gov.in` ನಲ್ಲಿ ಸಾರ್ವಜನಿಕ ಪ್ರಕಟಣೆ ಸಿಗುತ್ತದೆ. ಈ ಕಂಪನಿಯ ಹೆಸರಲ್ಲಿ ಅಲ್ಲಿ ಏನೂ ಇಲ್ಲ.

80 ಕೋಟಿ ಎಲ್ಲಿಂದ ಬಂತು

ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ. ಯಾಕೆಂದರೆ ಪತ್ರಿಕೆಗಳಲ್ಲೂ ಈ ತಪ್ಪು ಆಗಾಗ ಅಚ್ಚಾಗುತ್ತದೆ.

ಕಂಪನಿ ಬ್ಯಾಂಕಿನಿಂದ ಸಾಲ ತಗೊಂಡು ಆಸ್ತಿ ಅಡ ಇಟ್ಟಾಗ, ಅದನ್ನು 'ಚಾರ್ಜ್' ಅಂತ ಸಚಿವಾಲಯದಲ್ಲಿ ನೋಂದಾಯಿಸಬೇಕು. ಅದಕ್ಕೆ 30 ದಿನದ ಗಡುವು. ಈ ಚಾರ್ಜ್‌ಗಳ ಪಟ್ಟಿ ಎಲ್ಲರಿಗೂ ಕಾಣುತ್ತದೆ. 1996ರ ಕಂಪನಿಯ ಪಟ್ಟಿಯಲ್ಲಿ ಮುಕ್ತಾಯವಾಗದ ಚಾರ್ಜ್ ಮೂರಿವೆ. 25 ಕೋಟಿ, 35 ಕೋಟಿ, 20 ಕೋಟಿ. ಕೂಡಿಸಿದರೆ 80. ಮೆಸೇಜಿನ ಲೆಕ್ಕ ಇಲ್ಲಿಂದ ಬಂದದ್ದು.

ಆದರೆ ಈ ಮೊತ್ತ ಇವತ್ತು ಕಟ್ಟಬೇಕಾದ ಸಾಲ ಅಲ್ಲ. ಎಷ್ಟು ಸಾಲಕ್ಕೆ ಆಸ್ತಿಯ ಭದ್ರತೆ ಕೊಟ್ಟಿದ್ದಾರೆ ಅನ್ನುವ ಮೊತ್ತ. 20 ಕೋಟಿಯ ಮೆಷಿನ್ ಸಾಲವನ್ನು ಏಳು ವರ್ಷ ಕಂತು ಕಟ್ಟಿ 3 ಕೋಟಿಗೆ ಇಳಿಸಿದ್ದರೂ ಚಾರ್ಜ್‌ನಲ್ಲಿ 20 ಅಂತಲೇ ಇರುತ್ತದೆ. ಎರಡನೆಯದಾಗಿ, ಸಾಲ ತೀರಿದ ಮೇಲೆ CHG-4 ಅನ್ನುವ ಫಾರಂ ಹಾಕಿದರೆ ಮಾತ್ರ ಚಾರ್ಜ್ ಮುಗಿದದ್ದು ದಾಖಲಾಗುತ್ತದೆ. ಅದನ್ನು ಹಾಕದೇ ಮರೆತ ಕಂಪನಿಗಳಿಗೆ ಲೆಕ್ಕವಿಲ್ಲ.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 25 ಕೋಟಿಯದು ಹಳೆಯ ಬ್ಯಾಂಕಿನದು. 35 ಕೋಟಿಯದು ಆಮೇಲೆ ಬಂದ ಬೇರೆ ಬ್ಯಾಂಕಿನದು. ಎರಡೂ ದಿನನಿತ್ಯದ ವ್ಯವಹಾರದ ಸಾಲ, ಎರಡಕ್ಕೂ ಅದೇ ಜಾಗ, ಅದೇ ಸ್ಟಾಕ್ ಅಡ. ಹೊಸ ಬ್ಯಾಂಕು ಹಳೆಯ ಬ್ಯಾಂಕಿನ ಸಾಲ ತೀರಿಸಿ ತಾನು ವಹಿಸಿಕೊಂಡಾಗ ಹೀಗಾಗುತ್ತದೆ. ಹಾಗಾಗಿದ್ದರೆ ಒಂದೇ ಸಾಲ ಎರಡು ಸಲ ಲೆಕ್ಕಕ್ಕೆ ಬಂದಿದೆ. ಇದು ನನ್ನ ಊಹೆ, ದಾಖಲೆ ಬೇಕಲ್ವಾ?

ದಾಖಲೆ ಸಿಗುತ್ತದೆ. ಅದೇ ವೆಬ್‌ಸೈಟಿನಲ್ಲಿ `View Public Documents` ಅಂತ ಇದೆ. ಒಂದು ಕಂಪನಿಗೆ 100 ರೂಪಾಯಿ ಕಟ್ಟಿದರೆ ಅದು ಸಲ್ಲಿಸಿದ ಕಾಗದಗಳನ್ನು ಓದಬಹುದು. ನೀವು ನೋಡಬೇಕಾದದ್ದು ಎರಡೇ ಎರಡು. AOC-4 ಅನ್ನುವ ಫಾರಂ ಜೊತೆ ಬರುವ ಬ್ಯಾಲೆನ್ಸ್ ಶೀಟ್ ಮತ್ತು MGT-7 ಅನ್ನುವ ವಾರ್ಷಿಕ ವಿವರ. ಬ್ಯಾಲೆನ್ಸ್ ಶೀಟಿನಲ್ಲಿ 'ಬಾರೋಯಿಂಗ್ಸ್' ಅನ್ನುವ ಸಾಲು ಎರಡು ಕಡೆ ಬರುತ್ತದೆ, ದೀರ್ಘಾವಧಿಯದು ಒಂದು, ಅಲ್ಪಾವಧಿಯದು ಒಂದು. ಎರಡನ್ನೂ ಕೂಡಿಸಿ. ಅಂಕಿಗಳು ಲಕ್ಷದಲ್ಲಿವೆಯೋ ಸಾವಿರದಲ್ಲಿವೆಯೋ ಅಂತ ಪುಟದ ಮೇಲ್ತುದಿಯಲ್ಲಿ ನೋಡಿಕೊಳ್ಳಿ. ಅಲ್ಲಿ ತಪ್ಪಿದರೆ ನೂರು ಪಟ್ಟು ವ್ಯತ್ಯಾಸ. ಈ ಕಂಪನಿಯದು ಎರಡೂ ಸೇರಿ 31 ಕೋಟಿ ಚಿಲ್ಲರೆ. ಹಳೆಯ ಬ್ಯಾಂಕಿನ ಹೆಸರು ಟಿಪ್ಪಣಿಗಳಲ್ಲಿ ಎಲ್ಲೂ ಇಲ್ಲ. ಅಂದರೆ ಆ 25 ಕೋಟಿ ತೀರಿದ ಸಾಲ.

ಒಂದು ಎಚ್ಚರಿಕೆ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ವಾರ್ಷಿಕ ಸಭೆಗೆ ಸೆಪ್ಟೆಂಬರ್ 30ರವರೆಗೆ ಸಮಯ. ಸಭೆ ಆಗಿ 30 ದಿನದೊಳಗೆ ಬ್ಯಾಲೆನ್ಸ್ ಶೀಟ್, 60 ದಿನದೊಳಗೆ ವಾರ್ಷಿಕ ವಿವರ. ನೀವು ಬರೆದಿದ್ದು ಆಗಸ್ಟ್‌ನಲ್ಲಿ. ಈಗ ಸಿಗುವ ಬ್ಯಾಲೆನ್ಸ್ ಶೀಟ್ ಕಳೆದ ವರ್ಷದ ಮಾರ್ಚ್‌ನದು, ಹದಿನೇಳು ತಿಂಗಳು ಹಳೆಯದು. ಹಾಗಾಗಿ "ಕಂಪನಿಗೆ 31 ಕೋಟಿ ಸಾಲವಿದೆ" ಅಂತ ಬರೆದರೆ ಅದೂ ತಪ್ಪೇ. "ಕಳೆದ ವರ್ಷ ಮಾರ್ಚ್ 31ರ ಲೆಕ್ಕದ ಪ್ರಕಾರ 31 ಕೋಟಿ ಇತ್ತು" ಅಂತ ಬರೆಯಬೇಕು. ತಾರೀಖು ಇಲ್ಲದ ಅಂಕಿಯನ್ನು ಡೆಸ್ಕಿಗೆ ಕೊಡಲೇಬೇಡಿ, ಮೊದಲು ಕತ್ತರಿ ಬೀಳುವುದು ಅದಕ್ಕೇ.

ಹೊಸೂರು ಮತ್ತು ಲಾರಿ

ನಮ್ಮ ಕಡೆ ತಮಿಳುನಾಡು ಅಂದರೆ ಜನ ಬೇಗ ಬಿಸಿಯಾಗುತ್ತಾರೆ. ಮೆಸೇಜ್ ಬರೆದವರಿಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಈ ಮಾತನ್ನು ಜಾಸ್ತಿ ಜೋಪಾನವಾಗಿ ನೋಡಬೇಕು.

ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರ್ ತಗೊಳ್ಳಿ. 15 ಅಕ್ಷರ-ಅಂಕಿಗಳಲ್ಲಿ ಮೊದಲ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಮುಂದಿನ ಹತ್ತು ಕಂಪನಿಯ ಪ್ಯಾನ್. ಜಿಎಸ್‌ಟಿ ವೆಬ್‌ಸೈಟಿನ `Search by PAN` ನಲ್ಲಿ ಆ ಪ್ಯಾನ್ ಹಾಕಿದರೆ ಆ ಕಂಪನಿಗೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಇದೆ ಅಂತ ಬರುತ್ತದೆ. ಒಂದೊಂದನ್ನೂ ತೆರೆದರೆ ನೋಂದಣಿಯಾದ ದಿನ, ಈಗಿನ ಸ್ಥಿತಿ, ರಿಟರ್ನ್ ಸಲ್ಲಿಸಿದ ತಿಂಗಳುಗಳು ಕಾಣುತ್ತವೆ.

ಈ ಕಂಪನಿಗೆ 29ರಿಂದ ಶುರುವಾಗುವುದೂ ಇದೆ, 33ರಿಂದ ಶುರುವಾಗುವುದೂ ಇದೆ. 33ರದು 2019ರಲ್ಲೇ ಆಗಿದೆ. ಅಂದರೆ ಹೊಸೂರಿನಲ್ಲೋ ತಮಿಳುನಾಡಿನ ಇನ್ನೊಂದು ಕಡೆಯೋ ಇವರಿಗೆ ಮೊದಲಿನಿಂದಲೇ ಒಂದು ಜಾಗ ಇದೆ. ಲಾರಿ ಆ ದಾರಿಯಲ್ಲಿ ಹೋದರೆ ಅದರಲ್ಲಿ ಹೊಸದೇನಿಲ್ಲ. ಎರಡೂ ಕಡೆ ಕಳೆದ ತಿಂಗಳವರೆಗೆ ರಿಟರ್ನ್ ಹೋಗಿದೆ.

ಮಾರಾಟವಾಗಿದೆಯಾ ಅನ್ನುವುದಕ್ಕೆ ಮಾತ್ರ ಈ ದಾಖಲೆ ಉತ್ತರ ಕೊಡುವುದಿಲ್ಲ. ಪ್ರೈವೇಟ್ ಕಂಪನಿಯ ಷೇರು ಕೈ ಬದಲಾದರೆ ತಕ್ಷಣ ಎಲ್ಲೂ ಪ್ರಕಟ ಮಾಡಬೇಕಿಲ್ಲ. ವರ್ಷಕ್ಕೊಮ್ಮೆ ಸಲ್ಲಿಸುವ MGT-7ನಲ್ಲಿ ಕಾಣಿಸಿಕೊಳ್ಳುತ್ತದೆ ಅಷ್ಟೇ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯಾಗಿದ್ದರೆ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಪ್ರಕಟಣೆ ಬಂದಿರುತ್ತಿತ್ತು. ಇದು U ಕಂಪನಿ, ಆ ಅನುಕೂಲ ಇಲ್ಲ. ಒಂದು ಸುಳಿವು ಮಾತ್ರ ಇದೆ. ನಿರ್ದೇಶಕರು ಬದಲಾದರೆ 30 ದಿನದೊಳಗೆ DIR-12 ಅನ್ನುವ ಫಾರಂ ಹಾಕಬೇಕು. ಕಂಪನಿ ಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ತಮ್ಮವರನ್ನು ನಿರ್ದೇಶಕರಾಗಿ ಕೂರಿಸುವುದು. ಇಲ್ಲಿ ನಿರ್ದೇಶಕರು ಹಳಬರೇ. ಇದರಿಂದ ಮಾರಾಟ ಆಗಿಲ್ಲ ಅಂತ ಸಾಬೀತಾಗುವುದಿಲ್ಲ. ಆಗಿದೆ ಅನ್ನಲು ಆಧಾರ ಸಿಕ್ಕಿಲ್ಲ ಅಂತ ಮಾತ್ರ ಹೇಳಬಹುದು.

400 ಜನ

ಈ ಅಂಕಿಯನ್ನು ಪರೀಕ್ಷಿಸಲು ಪಿಎಫ್ ಸಂಸ್ಥೆಯ ವೆಬ್‌ಸೈಟಿನಲ್ಲಿ `Establishment Search` ಇದೆ. ಬಹಳ ಪತ್ರಕರ್ತರಿಗೆ ಇದು ಗೊತ್ತಿಲ್ಲ. ಕಂಪನಿಯ ಹೆಸರು ಹಾಕಿ, ಪಾವತಿಯ ವಿವರ ತೆರೆದರೆ ಪ್ರತಿ ತಿಂಗಳು ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಅನ್ನುವುದು ಬರುತ್ತದೆ. ಹಿಂದಿನ ಒಂದು ವರ್ಷದ ಅಂಕಿಗಳನ್ನು ಬರೆದುಕೊಳ್ಳಿ. ಈ ಕಂಪನಿಯದು 240ರ ಆಸುಪಾಸಿನಲ್ಲಿತ್ತು, ಈಚಿನ ಮೂರು ತಿಂಗಳಲ್ಲಿ 205ಕ್ಕೆ ಇಳಿದಿದೆ. ನಿಮ್ಮ ಸುದ್ದಿ ಇರುವುದು ಇಲ್ಲಿ. ಆ 35 ಜನ ಯಾಕೆ ಹೋದರು?

ಇದಕ್ಕೂ ಮಿತಿಗಳಿವೆ. ಗುತ್ತಿಗೆ ಕಾರ್ಮಿಕರ ಪಿಎಫ್ ಗುತ್ತಿಗೆದಾರರ ಕೋಡಿನಲ್ಲಿ ಹೋಗುತ್ತದೆ, ಇಲ್ಲಿ ಕಾಣುವುದಿಲ್ಲ. ಗುತ್ತಿಗೆಯವರನ್ನೂ ಸೇರಿಸಿದರೆ 400 ಅನ್ನುವುದು ತೀರಾ ಸುಳ್ಳಾಗಿರಲಿಕ್ಕಿಲ್ಲ. ಮತ್ತೆ ಒಂದೇ ಕೋಡಿನಲ್ಲಿ ಬೇರೆ ಊರಿನ ಘಟಕದವರೂ ಸೇರಿರಬಹುದು.

"1ನೇ ತಾರೀಖಿನಿಂದ ಬಂದ್" ಅನ್ನುವುದಕ್ಕೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 300 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಫ್ಯಾಕ್ಟರಿ ಮುಚ್ಚಲು ಸರ್ಕಾರದ ಅನುಮತಿ ಬೇಕು, 90 ದಿನ ಮೊದಲೇ ಅರ್ಜಿ ಹಾಕಬೇಕು. ಅಷ್ಟು ಜನ ಇಲ್ಲದಿದ್ದರೂ, 50 ಜನಕ್ಕಿಂತ ಕಡಿಮೆ ಇರುವ ಕಡೆ ಬಿಟ್ಟು, ಸರ್ಕಾರಕ್ಕೆ 60 ದಿನದ ನೋಟಿಸ್ ಕೊಡಬೇಕು. ಅಂಥ ಅರ್ಜಿ, ನೋಟಿಸ್ ಏನಾದರೂ ಬಂದಿದೆಯಾ ಅಂತ ಕೇಳಿ. ಬಂದಿಲ್ಲ ಅಂದರೆ ಮುಚ್ಚುವುದಿಲ್ಲ ಅಂತ ಅರ್ಥ ಅಲ್ಲ. ಮಾಲೀಕರು ನಿಯಮ ಮುರಿಯಲೂಬಹುದು. ಅದಕ್ಕೇ ಪಾಳಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಕಾರ್ಮಿಕರನ್ನು ಮಾತಾಡಿಸಿ. ಸಂಬಳ ಯಾವ ತಾರೀಖಿಗೆ ಆಯಿತು, ಓವರ್‌ಟೈಮ್ ಇದೆಯಾ, ಯಾವ ಮೆಷಿನ್ ಹೋಯಿತು ಅಂತ ಕೇಳಿ. "ಕಂಪನಿ ಮುಚ್ಚುತ್ತಾ?" ಅಂತ ಕೇಳಿದರೆ ಅವರು ವಾಟ್ಸಾಪ್‌ನಲ್ಲಿ ಓದಿದ್ದನ್ನೇ ನಿಮಗೆ ವಾಪಸ್ ಹೇಳುತ್ತಾರೆ.

ಬರೆಯುವ ಮೊದಲು

'ಮಾಲೀಕ ಪರಾರಿ' ಅನ್ನುವುದನ್ನು ಯಾವ ವೆಬ್‌ಸೈಟೂ ಹೇಳುವುದಿಲ್ಲ. ಅದು ಒಬ್ಬ ವ್ಯಕ್ತಿಯ ಮೇಲಿನ ಆರೋಪ. ಪೊಲೀಸ್ ದೂರು ಇಲ್ಲ, ಕೋರ್ಟಿನ ಆದೇಶ ಇಲ್ಲ ಅಂದರೆ ಆ ಮಾತನ್ನು ಪೂರ್ತಿ ಬಿಟ್ಟುಬಿಡಿ. 'ಎನ್ನಲಾಗಿದೆ' ಅಂತ ಸೇರಿಸಿದರೆ ರಕ್ಷಣೆ ಸಿಗುತ್ತದೆ ಅನ್ನುವುದು ನಮ್ಮ ಡೆಸ್ಕ್‌ಗಳಲ್ಲಿ ಬೇರೂರಿರುವ ನಂಬಿಕೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟಕ್ಕೆ ಸಂಬಂಧಿಸಿದ್ದು. ಪ್ರಕಟಿಸಿದ್ದು ಸತ್ಯ, ಅದು ಸಾರ್ವಜನಿಕರ ಒಳಿತಿಗೆ ಬೇಕಿತ್ತು ಅಂತ ತೋರಿಸಬಹುದು. ಬೇರೆಯವರು ಫಾರ್ವರ್ಡ್ ಮಾಡಿದ್ದು ಅನ್ನುವುದು ಅಲ್ಲಿ ಉತ್ತರ ಆಗುವುದಿಲ್ಲ.

ಕಂಪನಿಗೆ ಪ್ರಶ್ನೆ ಕಳಿಸಿ. ಇಮೇಲ್ ವಿಳಾಸ ಮಾಸ್ಟರ್ ಡೇಟಾದಲ್ಲೇ ಇದೆ. "ಈ ಮೆಸೇಜ್ ಬಗ್ಗೆ ಏನು ಹೇಳುತ್ತೀರಿ?" ಅಂತ ಕೇಳಿದರೆ "ಎಲ್ಲ ಸುಳ್ಳು" ಅಂತ ಒಂದು ಸಾಲು ಬರುತ್ತದೆ. ಬದಲಿಗೆ ಹೀಗೆ ಕೇಳಿ: ಕಳೆದ ಆರು ತಿಂಗಳಲ್ಲಿ ಶೇಕಡಾ 25ಕ್ಕಿಂತ ಜಾಸ್ತಿ ಷೇರು ಕೈ ಬದಲಾಗಿದೆಯೇ, ಅಥವಾ ಅದಕ್ಕೆ ಒಪ್ಪಂದ ಆಗಿದೆಯೇ? ಪಿಎಫ್ ಪಟ್ಟಿ 240ರಿಂದ 205ಕ್ಕೆ ಇಳಿಯಲು ಕಾರಣವೇನು? ಇಂಥ ದಿನ ಮೆಷಿನ್ ಸಾಗಿಸಿದ್ದೀರಾ, ಎಲ್ಲಿಗೆ? ಉತ್ತರ ಕೊಡಲು ಒಂದು ಕೆಲಸದ ದಿನವಾದರೂ ಕೊಡಿ. ಕಳಿಸಿದ ಸಮಯವನ್ನು ಬರೆದಿಟ್ಟುಕೊಳ್ಳಿ.

ಇನ್ನು ನಿಮ್ಮ ಮುಂದೆ ಮೂರು ದಾರಿ ಇವೆ. ಏನೂ ಬರೆಯದೆ ಕಾಯಬಹುದು. ಗ್ರೂಪ್‌ಗಳಲ್ಲಿ ಗಾಳಿಸುದ್ದಿ ಮುಂದುವರಿಯುತ್ತದೆ, ಸಾಮಾನು ಹಾಕುವವರು ಹೆದರಿ ಸಾಲ ಕೊಡುವುದನ್ನು ನಿಲ್ಲಿಸಬಹುದು, ಅದು ಕಾರ್ಮಿಕರಿಗೇ ಹೊಡೆತ. ಎರಡನೆಯದು, "ವೈರಲ್ ಮೆಸೇಜ್ ಸುಳ್ಳು" ಅಂತ ಬರೆಯುವುದು. ಇದು ಕೇಳಲು ಚೆನ್ನಾಗಿದೆ, ಆದರೆ ಮಾರಾಟದ ಮಾತು ನೀವು ಸುಳ್ಳು ಅಂತ ತೋರಿಸಿಲ್ಲ. ಮುಂದಿನ ತಿಂಗಳು ಹೊಸ ನಿರ್ದೇಶಕರು ಬಂದರೆ ನಿಮ್ಮ ತಲೆಬರಹ ನಿಮಗೇ ತಿರುಗಿ ಬೀಳುತ್ತದೆ. ಮೂರನೆಯದನ್ನು ನಾನು ಹೇಳುತ್ತೇನೆ. ಗೊತ್ತಾದದ್ದನ್ನು ಗೊತ್ತಾದಷ್ಟೇ ಬರೆಯಿರಿ. ಸ್ಟ್ರೈಕ್ ಆಫ್ ಆಗಿರುವುದು ಬೇರೆ ಕಂಪನಿ. 80 ಕೋಟಿ ಅನ್ನುವುದು ಚಾರ್ಜ್‌ಗಳನ್ನು ಕೂಡಿಸಿದ ಮೊತ್ತ, ಕಳೆದ ವರ್ಷದ ಮಾರ್ಚ್‌ನಲ್ಲಿ ಸಾಲ ಇದ್ದದ್ದು 31 ಕೋಟಿ. ಪಿಎಫ್ ಪಟ್ಟಿಯಲ್ಲಿ 35 ಜನ ಕಡಿಮೆಯಾಗಿದ್ದಾರೆ. ಮಾರಾಟದ ಬಗ್ಗೆ ಕಂಪನಿ ಹೀಗೆ ಹೇಳಿತು, ಅಥವಾ ಇಂಥ ದಿನ ಕೇಳಿದ್ದಕ್ಕೆ ಉತ್ತರಿಸಲಿಲ್ಲ. ಮೆಸೇಜಿನ ಫೋಟೋವನ್ನು ಮಾತ್ರ ಅಚ್ಚು ಹಾಕಬೇಡಿ, ಜನ ಅದನ್ನೇ ಕತ್ತರಿಸಿ "ಪೇಪರ್‌ನಲ್ಲೂ ಬಂದಿದೆ" ಅಂತ ಮತ್ತೆ ಹಂಚುತ್ತಾರೆ.

ನೋಡಿದ ಪ್ರತಿ ಪುಟವನ್ನೂ ತಾರೀಖು, ಸಮಯ ಕಾಣುವ ಹಾಗೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನಾಳೆ ಕಂಪನಿ ಒಂದು ಫಾರಂ ಹಾಕಿದರೆ ಅದೇ ಪುಟ ಬೇರೆ ಥರ ಕಾಣುತ್ತದೆ. ಸುದ್ದಿ ಬಂದ 35 ದಿನಕ್ಕೆ ನಿರ್ದೇಶಕರ ಪಟ್ಟಿಯನ್ನು ಮತ್ತೊಮ್ಮೆ ತೆರೆಯಿರಿ. ಇವತ್ತು ಯಾರಾದರೂ ಹೊಸಬರು ಬಂದಿದ್ದರೆ DIR-12ರ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ನವೆಂಬರ್ ಕೊನೆಗೆ ಹೊಸ MGT-7 ಬಂದಾಗ ಇನ್ನೊಂದು 100 ರೂಪಾಯಿ ಕಟ್ಟಿ ಷೇರುದಾರರ ಪಟ್ಟಿ ನೋಡಿ. ಅದು ಕೂಡ ಹಿಂದಿನ ಮಾರ್ಚ್ 31ರ ಸ್ಥಿತಿಯನ್ನೇ ತೋರಿಸುತ್ತದೆ, ಆದರೆ ವರ್ಷದಲ್ಲಿ ಯಾರ ಷೇರು ಯಾರಿಗೆ ಹೋಯಿತು ಅನ್ನುವ ವಿವರ ಅದರಲ್ಲಿ ಇರುತ್ತದೆ.